ಐನೂರು ಪುಟದಿಂದ ಆರು ಪುಟಕ್ಕೆ

"ತೋಟಕ್ಕೆ ಔಷಧಿ ಹೊಡೆಯೋ ಹಾಗಿಲ್ಲ ಅಂತ ಬರೆದಿದ್ದೀರಲ್ಲ, ಯಾವತ್ತಿಂದ?"

ನಾನು ಬರೆದ ಆರು ಪುಟಗಳನ್ನು ಓದಿ ಮುಗಿಸಿ, ಕನ್ನಡಕ ತೆಗೆದು ಆ ಹಿರಿಯರು ಕೇಳಿದ್ದು ಇಷ್ಟೇ. ಮಲೆನಾಡಿನ ಅಡಿಕೆ ಬೆಳೆಗಾರರ ಒಂದು ಸಣ್ಣ ಸಂಘದವರು ನನಗೊಂದು ಕೆಲಸ ಹಚ್ಚಿದ್ದರು. ಗಾಡ್ಗೀಳ್ ವರದಿಯಲ್ಲಿ ನಿಜಕ್ಕೂ ಏನಿದೆ ಎಂದು ಊರವರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದುಕೊಡಬೇಕು, ಆರು ಪುಟ ಮೀರಬಾರದು. ಬರೆದಿದ್ದೆ. ಯಾವತ್ತಿಂದ ಎನ್ನುವುದಕ್ಕೆ ಮಾತ್ರ ಆ ಆರು ಪುಟಗಳಲ್ಲಿ ಉತ್ತರವಿರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ.

ಮನೆಗೆ ಬಂದು ಟಿಪ್ಪಣಿ ಪುಸ್ತಕ ತಿರುವಿದೆ. ವರದಿಯನ್ನು ಮೊದಲ ಸಲ ಓದಿದಾಗ ಬರೆದುಕೊಂಡದ್ದು ಹೀಗಿತ್ತು: "ರಾಸಾಯನಿಕ ಕೀಟನಾಶಕ, ಕಳೆನಾಶಕ: ಹಂತಹಂತವಾಗಿ ಬಿಡಬೇಕು. ವಲಯ 1ರಲ್ಲಿ 5 ವರ್ಷ, ವಲಯ 2ರಲ್ಲಿ 8, ವಲಯ 3ರಲ್ಲಿ 10." ಆ ಟಿಪ್ಪಣಿಗಳನ್ನೆಲ್ಲ ಸೇರಿಸಿ ಅಧ್ಯಾಯದ ಸಾರ ಬರೆಯುವಾಗ ಅದು "ಕೀಟನಾಶಕಗಳನ್ನು ಹಂತಹಂತವಾಗಿ ನಿಲ್ಲಿಸಬೇಕು" ಎಂದಾಗಿತ್ತು. ಆರು ಪುಟಕ್ಕೆ ಇಳಿಸುವಾಗ ಉಳಿದದ್ದು "ರಾಸಾಯನಿಕ ಕೀಟನಾಶಕಗಳಿಗೆ ನಿಷೇಧ". ಯಾವ ಹಂತದಲ್ಲೂ ನಾನು ಸುಳ್ಳು ಬರೆದಿರಲಿಲ್ಲ. ಸ್ವಲ್ಪ ಸ್ವಲ್ಪವೇ ಹಿಂಡಿದ್ದೆ, ಅಷ್ಟೆ. ಹಿಂಡಿದಾಗ ಮೊದಲು ಸೋರಿಹೋಗಿದ್ದು ಶರತ್ತು, ಗಡುವು ಮತ್ತು ವಿನಾಯಿತಿ. ರೈತನಿಗೆ ಬೇಕಾಗಿದ್ದೂ ಅವೇ.

ವರದಿಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ಪಶ್ಚಿಮ ಘಟ್ಟಗಳ ಬಗ್ಗೆ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಕೆಲಸ ಮಾಡಿದ ಮಾಧವ ಗಾಡ್ಗೀಳ್ ಅದರ ಅಧ್ಯಕ್ಷರು. 2011ರ ಆಗಸ್ಟ್ ಕೊನೆಗೆ ವರದಿ ಸಲ್ಲಿಕೆಯಾಯಿತು. ಆದರೆ ಸಚಿವಾಲಯ ಅದನ್ನು ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ, ಮಾಹಿತಿ ಆಯೋಗ, ದೆಹಲಿ ಹೈಕೋರ್ಟು ಎಲ್ಲ ದಾಟಿ ಅದು ಜನರ ಕೈಗೆ ಸಿಕ್ಕಿದ್ದು 2012ರ ಮೇ ತಿಂಗಳಲ್ಲಿ. ಎರಡು ಭಾಗ, ಐನೂರಕ್ಕೂ ಹೆಚ್ಚು ಪುಟ, ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ಘಟ್ಟದ ಊರುಗಳಲ್ಲಿ ವರದಿಗಿಂತ ಮುಂಚೆ ವದಂತಿ ತಲುಪಿಯಾಗಿತ್ತು.

ಇಂಥ ವರದಿಯನ್ನು ಒಂದೇ ಉಸಿರಿಗೆ ಓದಿ ಸಾರಾಂಶ ಬರೆಯಲು ಯಾರಿಂದಲೂ ಆಗುವುದಿಲ್ಲ. ಮುನ್ನೂರನೇ ಪುಟಕ್ಕೆ ಬರುವಾಗ ಮೂವತ್ತನೇ ಪುಟ ಮಸುಕಾಗಿರುತ್ತದೆ. ಹಾಗಾಗಿ ಎಲ್ಲರೂ ತುಣುಕು ಮಾಡಿಯೇ ಓದುತ್ತಾರೆ. ಮೊದಲ ಸಲ ನಾನೂ ಅದನ್ನೇ ಮಾಡಿದ್ದೆ: ಅಧ್ಯಾಯಕ್ಕೆ ಅರ್ಧ ಪುಟ, ಆ ಅರ್ಧ ಪುಟಗಳನ್ನು ಜೋಡಿಸಿ ಮತ್ತೆ ಹಿಂಡಿ ಆರು ಪುಟ. ತುಣುಕು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಒಂದು ತುಣುಕಿನಿಂದ ಇನ್ನೊಂದಕ್ಕೆ ದಾಟುವಾಗ ಕೈಯಲ್ಲಿ ಏನನ್ನೂ ಹಿಡಿದುಕೊಂಡಿರಲಿಲ್ಲ, ಅದೇ ತಪ್ಪು. ಎರಡನೇ ಸಲ ಕೂತಾಗ ಒಂದು ಹಾಳೆಯನ್ನು ಹಿಡಿದುಕೊಂಡೆ. ಅದನ್ನು ನಾನು ಹಂದರ ಎನ್ನುತ್ತೇನೆ. ರೂಪುರೇಷೆ ಎಂದರೂ ಸರಿಯೇ. ಆದರೆ ರೂಪುರೇಷೆ ಅಂದರೆ ಬರೆಯುವ ಮುಂಚೆ ಹಾಕಿ ಮರೆತುಬಿಡುವಂಥದ್ದು ಅನಿಸುತ್ತದೆ. ಇದು ಹಾಗಲ್ಲ. ಪ್ರತಿ ತುಣುಕು ಓದಿದ ಮೇಲೂ ತಿದ್ದಿಸಿಕೊಳ್ಳುತ್ತಾ ಜೊತೆಗೇ ನಡೆಯುತ್ತದೆ.

ಹಂದರದ ಮೊದಲ ಕಂಬಗಳನ್ನು ಓದುವ ಮುಂಚೆಯೇ ನೆಡಬೇಕು. ಸರ್ಕಾರಿ ವರದಿಗಳಲ್ಲಿ ಇದಕ್ಕೊಂದು ಸುಲಭದ ದಾರಿಯಿದೆ: ಸಮಿತಿಗೆ ಏನು ಕೆಲಸ ವಹಿಸಿದ್ದರು ಎಂದು ನೋಡುವುದು. ಗಾಡ್ಗೀಳ್ ಸಮಿತಿಗೆ ಘಟ್ಟಗಳ ಪರಿಸರ ಈಗ ಹೇಗಿದೆ ಎಂದು ನೋಡಿ, ಯಾವ ಜಾಗಗಳನ್ನು ಪರಿಸರ ಸೂಕ್ಷ್ಮ ಎಂದು ಗುರುತಿಸಬೇಕು ಎಂದು ಹೇಳಲು ತಿಳಿಸಿದ್ದರು. ಸಂರಕ್ಷಣೆಗೆ ಏನು ಮಾಡಬೇಕು, ಅದಕ್ಕೊಂದು ಪ್ರಾಧಿಕಾರವನ್ನು ಹೇಗೆ ಕಟ್ಟಬೇಕು ಎಂಬುದೂ ಅದರ ಪಾಲಿಗೆ ಬಂದಿತ್ತು. ಇದರ ಜೊತೆಗೆ ಕೇರಳದ ಅತಿರಪ್ಪಳ್ಳಿ, ನಮ್ಮ ಗುಂಡ್ಯ ಜಲವಿದ್ಯುತ್ ಯೋಜನೆಗಳು, ಗೋವಾದ ಗಣಿಗಾರಿಕೆ, ಮಹಾರಾಷ್ಟ್ರದ ರತ್ನಾಗಿರಿ ಮತ್ತು ಸಿಂಧುದುರ್ಗ ಜಿಲ್ಲೆಗಳ ಬಗ್ಗೆಯೂ ಅಭಿಪ್ರಾಯ ಕೇಳಿದ್ದರು. ಇವಿಷ್ಟೂ ಹಂದರದ ತಲೆಬರಹಗಳಾದವು. ಅವುಗಳ ಕೆಳಗೆ ಓದುಗರ ಪ್ರಶ್ನೆಗಳನ್ನು ಸೇರಿಸಿದೆ. ನಮ್ಮ ತಾಲ್ಲೂಕು ಯಾವ ವಲಯ? ತೋಟಕ್ಕೇನು? ಮನೆ ಕಟ್ಟಲು ತಡೆ ಇದೆಯೇ? ಯಾರು ತೀರ್ಮಾನ ಮಾಡುವವರು? ಯಾವಾಗಿನಿಂದ? ಕೊನೆಯದನ್ನು ಆ ಹಿರಿಯರ ಲೆಕ್ಕಕ್ಕೆ ಬರೆದೆ.

ಸಮಿತಿಯೇ ಬರೆದ ಸಾರಾಂಶ ವರದಿಯ ಆರಂಭದಲ್ಲಿದೆಯಲ್ಲ, ಅದನ್ನೇ ಹಂದರ ಮಾಡಿಕೊಳ್ಳಬಾರದೇ ಎಂದು ಕೇಳಬಹುದು. ಅದನ್ನು ಓದಬೇಕು, ಆದರೆ ಅದರೊಳಗೇ ಸಿಕ್ಕಿಹಾಕಿಕೊಳ್ಳಬಾರದು. ಆ ಸಾರಾಂಶ ಸಚಿವಾಲಯಕ್ಕಾಗಿ ಬರೆದದ್ದು. ಯಾವ ಸಾಲನ್ನು ಓದಿದರೆ ಬೆಳೆಗಾರನ ಎದೆ ಧಸಕ್ಕೆನ್ನುತ್ತದೆ ಎಂಬುದು ಅದರ ಚಿಂತೆಯಲ್ಲ.

ಆಮೇಲೆ ತುಣುಕು ಮಾಡುವ ಕೆಲಸ. ಸುಮಾರು ಇಪ್ಪತ್ತು ಪುಟಕ್ಕೆ ಒಂದರಂತೆ ಇಪ್ಪತ್ತಾರು ತುಣುಕು ಮಾಡಿಕೊಂಡೆ. ಲೆಕ್ಕಕ್ಕೆ ಇಪ್ಪತ್ತು ಎಂದೆನಾದರೂ, ಕೊಯ್ಯುವುದು ವರದಿಯ ಸಂದಿಯಲ್ಲೇ ಆಗಬೇಕು. ಒಂದು ಕೋಷ್ಟಕವನ್ನು ಎರಡು ತುಣುಕಿಗೆ ಹಂಚಿದರೆ ಅದರ ತಲೆಸಾಲು ಒಂದು ದಿನದ ಓದಿಗೂ, ಬಾಲ ಮರುದಿನದ ಓದಿಗೂ ಹೋಗುತ್ತದೆ. ಈ ವರದಿಯ ಜೀವಾಳ ಮೊದಲ ಭಾಗದಲ್ಲಿರುವ ಒಂದು ಉದ್ದನೆಯ ಕೋಷ್ಟಕ. ಕೃಷಿ, ಗಣಿ, ಕೈಗಾರಿಕೆ, ವಿದ್ಯುತ್, ಪ್ರವಾಸೋದ್ಯಮ ಎಂದು ಒಂದೊಂದು ಕ್ಷೇತ್ರಕ್ಕೂ ಮೂರು ಅಂಕಣಗಳಲ್ಲಿ ವಲಯ 1, 2, 3ಕ್ಕೆ ಬೇರೆ ಬೇರೆ ಸಲಹೆಗಳಿವೆ. ನಾನು ಮೊದಲ ಸಲ ಅದರ ಎಡ ಅಂಕಣವನ್ನಷ್ಟೇ ಗಮನವಿಟ್ಟು ಓದಿದ್ದೆ. ಕಟ್ಟುನಿಟ್ಟು ಎಲ್ಲ ಅಲ್ಲೇ ಇದ್ದದ್ದರಿಂದ ಉಳಿದೆರಡೂ ಹಾಗೇ ಇರಬೇಕು ಎಂದುಕೊಂಡೆ. ಪತ್ರಿಕೆಗಳಲ್ಲಿ ಓಡಾಡುತ್ತಿದ್ದ ಎಷ್ಟೋ ಸಾರಾಂಶಗಳೂ ಎಡ ಅಂಕಣದ ಸಾರಾಂಶಗಳೇ ಎಂದು ನನ್ನ ಗುಮಾನಿ.

ಒಂದು ತುಣುಕು ಓದಿದ ಕೂಡಲೇ ಎರಡು ಕೆಲಸ. ಮೊದಲನೆಯದು ಅರ್ಧ ಪುಟದ ಟಿಪ್ಪಣಿ, ಪ್ರತಿ ಸಾಲಿನ ಪಕ್ಕ ಪುಟಸಂಖ್ಯೆಯ ಸಮೇತ. ಎರಡನೆಯದು ಹಂದರಕ್ಕೆ ಮರಳುವುದು. ಹೊಸ ಅಂಶ ಇದ್ದರೆ ಸರಿಯಾದ ತಲೆಬರಹದ ಕೆಳಗೆ ಒಂದು ಸಾಲು. ಹಳೆಯ ಅಂಶಕ್ಕೆ ಶರತ್ತು ಸಿಕ್ಕಿದರೆ ಆ ಸಾಲನ್ನೇ ತಿದ್ದುವುದು. ಪ್ರಶ್ನೆಗೆ ಉತ್ತರ ಸಿಕ್ಕಿದರೆ ಪ್ರಶ್ನೆಯನ್ನು ಹೊಡೆದುಹಾಕಿ ಪುಟಸಂಖ್ಯೆ ಬರೆಯುವುದು. ಬೇಸರದ ಕೆಲಸ ಇದು. ಓದಿನ ಓಟದಲ್ಲಿ ಮುಂದಿನ ತುಣುಕಿಗೆ ಹಾರಿಬಿಡೋಣ ಅನಿಸುತ್ತದೆ. ಎರಡು ತುಣುಕು ಬಾಕಿ ಇಟ್ಟು ಸಂಜೆ ಒಟ್ಟಿಗೆ ತುಂಬೋಣ ಎಂದುಕೊಂಡ ದಿನ ಏನೇನು ಬಿಟ್ಟುಹೋಯಿತು ಎಂದು ಆಮೇಲೆ ಗೊತ್ತಾಯಿತು.

ಹತ್ತನೇ ತುಣುಕಿನ ಹೊತ್ತಿಗೆ ನನ್ನ ಹಾಳೆಯಲ್ಲಿ ಗಣಿ ಮತ್ತು ವಿದ್ಯುತ್ತಿನ ಕೆಳಗೆ ಇದ್ದದ್ದು ಹೀಗೆ (ಪುಟಸಂಖ್ಯೆಗಳನ್ನು ಇಲ್ಲಿ ಬಿಟ್ಟಿದ್ದೇನೆ):

ಗಣಿ. ವ1: ಹೊಸ ಪರವಾನಗಿ ಕೂಡದು; ಇರುವವು 5 ವರ್ಷದಲ್ಲಿ, 2016ರೊಳಗೆ ಹಂತಹಂತವಾಗಿ ನಿಲ್ಲಬೇಕು. ವ2: ಹೊಸದು ಕೂಡದು, ಆದರೆ ಪ್ರಕರಣ ನೋಡಿ ಮರುಪರಿಶೀಲಿಸಬಹುದು. ವ3: ಬಯಲುಸೀಮೆಯಲ್ಲಿ ಸಿಗದ ವಿರಳ ಖನಿಜವಾದರೆ ಬಿಗಿ ನಿಯಮದಡಿ ಆಗಬಹುದು.
ವಿದ್ಯುತ್. ವ1: ನೀರು ದೊಡ್ಡದಾಗಿ ನಿಲ್ಲಿಸುವ ಹೊಸ ಅಣೆಕಟ್ಟು ಕೂಡದು, ಹರಿಯುವ ನೀರಿನ ಯೋಜನೆ 3 ಮೀಟರ್ ಎತ್ತರದವರೆಗೆ ಆಗಬಹುದು. → ಗುಂಡ್ಯ ನೋಡು.
ಗುಂಡ್ಯ: (ಇನ್ನೂ ಓದಿಲ್ಲ)

ಆ ಬಾಣದ ಗುರುತು ಚಿಕ್ಕದು, ಆದರೆ ಹಂದರ ಬೇಕಾದದ್ದೇ ಅದಕ್ಕಾಗಿ. ವಿದ್ಯುತ್ತಿನ ಸಾಮಾನ್ಯ ನಿಯಮ ಕೋಷ್ಟಕದಲ್ಲಿದೆ. ಗುಂಡ್ಯ ಯೋಜನೆಗೆ ಅನುಮತಿ ಕೊಡಬಾರದು ಎಂಬ ತೀರ್ಮಾನ ಬೇರೊಂದು ಕಡೆ ಇದೆ. ಅಧ್ಯಾಯದ ಪ್ರಕಾರ ಸಾರಾಂಶ ಬರೆದರೆ ಇವೆರಡೂ ಎರಡು ಊರಿನ ಸುದ್ದಿಗಳ ಹಾಗೆ ದೂರ ದೂರ ಕೂರುತ್ತವೆ. ಹಾಳೆಯಲ್ಲಿ ಮಾತ್ರ ಒಂದರ ಕೆಳಗೊಂದು ಬರುತ್ತವೆ. "ಇನ್ನೂ ಓದಿಲ್ಲ" ಎಂದು ಬರೆದಿಡುವ ಅಭ್ಯಾಸವೂ ಒಳ್ಳೆಯದು. ಖಾಲಿ ಬಿಟ್ಟರೆ ವರದಿಯಲ್ಲಿ ಏನೂ ಇಲ್ಲವೋ, ನಾನು ಇನ್ನೂ ತಲುಪಿಲ್ಲವೋ ಎಂದು ಎರಡು ವಾರ ಬಿಟ್ಟು ನೋಡಿದರೆ ತಿಳಿಯುವುದಿಲ್ಲ.

ಈ ಸಾಲುಗಳಲ್ಲಿ ಕ್ರಿಯಾಪದದ ಬಾಲವನ್ನು ಗಮನಿಸಿ. ಬೇಕು, ಬಹುದು, ಕೂಡದು. ಕನ್ನಡದಲ್ಲಿ ವಾಕ್ಯದ ಅಧಿಕಾರವೆಲ್ಲ ಕೊನೆಯಲ್ಲಿ ಕೂತಿರುತ್ತದೆ. ಚಿಕ್ಕದು ಮಾಡುವಾಗ ನಾವು ಕತ್ತರಿಸುವುದೂ ಕೊನೆಯನ್ನೇ. "ಹೊಸ ಗಣಿ ಪರವಾನಗಿ ಮರುಪರಿಶೀಲನೆ" ಎಂದು ಬಾಲ ಕತ್ತರಿಸಿದ ಟಿಪ್ಪಣಿಯನ್ನು ತಿಂಗಳ ಮೇಲೆ ಓದಿದರೆ ಅದು ಅಪ್ಪಣೆಯೋ ಅವಕಾಶವೋ ಹೇಳುವವರು ಯಾರು? ಆದ್ದರಿಂದ ಹಂದರದಲ್ಲಿ ಏನನ್ನು ಬೇಕಾದರೂ ಮೊಟಕು ಮಾಡುತ್ತೇನೆ, ಬಾಲವನ್ನು ಮಾತ್ರ ಮುಟ್ಟುವುದಿಲ್ಲ.

ಪದಗಳಿಗೂ ಹಾಳೆಯ ಮೂಲೆಯಲ್ಲಿ ಜಾಗ ಬೇಕು. ಈ ವರದಿ ಇಡೀ ಪಶ್ಚಿಮ ಘಟ್ಟವನ್ನು, ಸುಮಾರು 1,29,000 ಚದರ ಕಿಲೋಮೀಟರನ್ನು, ಪರಿಸರ ಸೂಕ್ಷ್ಮ ಪ್ರದೇಶ ಎನ್ನುತ್ತದೆ. ಆಮೇಲೆ ಅದರೊಳಗೆ ಪರಿಸರ ಸೂಕ್ಷ್ಮ ವಲಯ 1, 2, 3 ಎಂದು ದರ್ಜೆ ಮಾಡುತ್ತದೆ. ಪ್ರದೇಶ ಬೇರೆ, ವಲಯ ಬೇರೆ. ಎರಡನ್ನೂ ಒಂದೇ ಎಂದು ಓದಿದವರಿಗೆ ಇಡೀ ಘಟ್ಟದ ಮೇಲೆ ವಲಯ 1ರ ನಿರ್ಬಂಧ ಬಿದ್ದಂತೆ ಕಾಣುತ್ತದೆ. ಇದಲ್ಲದೆ 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿಯೂ ಬಂತು. ಅದು ಘಟ್ಟದ ಸುಮಾರು ಶೇಕಡ 37ರಷ್ಟನ್ನು ಮಾತ್ರ ಸೂಕ್ಷ್ಮ ಎಂದು ಗುರುತಿಸಿ, ತಾಲ್ಲೂಕಿನ ಬದಲು ಹಳ್ಳಿಯನ್ನು ಅಳತೆಯ ಘಟಕ ಮಾಡಿಕೊಂಡಿತು. ಊರಿನ ಮಾತಿನಲ್ಲಿ ಎರಡು ವರದಿಗಳೂ ಕಲಸಿಹೋಗಿದ್ದವು. ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ "ಇದು ಗಾಡ್ಗೀಳ್, 2011" ಎಂದು ಬರೆದುಕೊಂಡೆ. ನಗಬೇಡಿ, ಅದು ಎರಡು ಸಲ ನನ್ನನ್ನು ಕಾಪಾಡಿತು.

ಈಗ ಈ ವರದಿಯಲ್ಲಿ ಕಳೆದುಹೋಗಬಾರದಿದ್ದ, ಆದರೆ ನನ್ನ ಮೊದಲ ಸಾರಾಂಶದಲ್ಲಿ ಪೂರ್ತಿ ಕಳೆದುಹೋಗಿದ್ದ ಒಂದು ಅಂಶಕ್ಕೆ ಬರುತ್ತೇನೆ. ಸಮಿತಿ ವಲಯ ಗುರುತಿಸಿದ ರೀತಿ ಹೀಗೆ. ಇಡೀ ಘಟ್ಟದ ನಕ್ಷೆಯ ಮೇಲೆ ಸುಮಾರು 9 ಕಿಲೋಮೀಟರ್ ಉದ್ದ, 9 ಕಿಲೋಮೀಟರ್ ಅಗಲದ ಚೌಕಗಳನ್ನು ಎಳೆದರು. ಇಲ್ಲಿ ಮಾತ್ರ ಬೆಳೆಯುವ ಸಸ್ಯಗಳೆಷ್ಟು, ಕಾಡು ಎಷ್ಟು ಕೆಡದೆ ಉಳಿದಿದೆ, ನೆಲ ಎಷ್ಟು ಎತ್ತರ, ಎಷ್ಟು ಇಳಿಜಾರು ಎಂಬಂಥ ಲಕ್ಷಣಗಳಿಗೆ ಪ್ರತಿ ಚೌಕಕ್ಕೂ ಅಂಕ ಕೊಟ್ಟರು. ಒಂಬತ್ತು ಕಿಲೋಮೀಟರಿನ ಚೌಕ ಎಂದರೆ ಅದರೊಳಗೆ ಕಾಡು, ಗದ್ದೆ, ಪೇಟೆ ಮೂರೂ ಇರಬಹುದು. ಇದು ಸಮಿತಿಗೂ ಗೊತ್ತಿತ್ತು. ಅದಕ್ಕೇ ಅವರು ಈ ಗೆರೆಗಳನ್ನು ತಾತ್ಕಾಲಿಕ ಎಂದರು. ಸದ್ಯಕ್ಕೆ ತಾಲ್ಲೂಕು ಮಟ್ಟದಲ್ಲಿ ಪ್ರಕಟಿಸಿ, ಆಮೇಲೆ ಗ್ರಾಮಸಭೆಯಿಂದ ಶುರುಮಾಡಿ ಜಿಲ್ಲಾ ಪರಿಸರ ಸಮಿತಿಗಳ ಮೂಲಕ ಊರವರೊಂದಿಗೆ ಕೂತು ಅಂತಿಮ ಗಡಿ ತೀರ್ಮಾನಿಸಬೇಕು ಎಂದರು.

ಇದು ನನ್ನ ಮೊದಲ ಸಾರಾಂಶದಲ್ಲಿ ಬರಲಿಲ್ಲ, ಏಕೆ? ಹುಡುಕಿದಾಗ ಕಾರಣ ಸಿಕ್ಕಿತು. ಗೆರೆ ಎಳೆಯುವ ವಿಧಾನವನ್ನು ಹೇಳುವ ಪುಟಗಳನ್ನು "ತಾಂತ್ರಿಕ ವಿವರ" ಎಂದು ಗುರುತು ಹಾಕಿ ಓಡಿಸಿಕೊಂಡು ಓದಿದ್ದೆ. ಪ್ರಾಧಿಕಾರದ ಬಗ್ಗೆ ಓದುವಾಗ ಜಿಲ್ಲಾ ಸಮಿತಿಗಳ ಮಾತು ಬಂತು, ಅದನ್ನು "ಆಡಳಿತ ವ್ಯವಸ್ಥೆ" ಎಂದು ಇನ್ನೊಂದು ಕಡೆ ಹಾಕಿದೆ. ಒಂದೇ ವಿಚಾರ ಎರಡು ಅರೆಗಳಾಗಿ ಬೇರೆ ಬೇರೆ ಅಧ್ಯಾಯಗಳಲ್ಲಿತ್ತು. ಪ್ರತಿ ಅಧ್ಯಾಯದಲ್ಲೂ ಅದು ಚಿಕ್ಕ ಮಾತಾಗಿ ಕಂಡಿತು. ಎರಡನೇ ಸಲ ಹಂದರದಲ್ಲಿ "ಯಾರು ತೀರ್ಮಾನ ಮಾಡುವವರು?" ಎಂಬ ಪ್ರಶ್ನೆ ಮೊದಲೇ ಕಾದು ಕೂತಿತ್ತು. ಮೊದಲ ಅರೆ ಸಿಕ್ಕಿದಾಗ ಅದರ ಕೆಳಗೆ ಹೋಯಿತು, ಎರಡನೆಯದೂ ಅಲ್ಲಿಗೇ ಬಂತು. ಎರಡೂ ಜೊತೆಯಾದ ಮೇಲೆ ಅದು ಚಿಕ್ಕ ಮಾತಾಗಿ ಉಳಿಯಲಿಲ್ಲ. ಹಾಳೆಯ ಕೊನೆಯಿಂದ ಎತ್ತಿ ಎರಡನೇ ಸ್ಥಾನಕ್ಕೆ ತಂದೆ.

ಹಾಳೆ ಬೆಳೆಯುತ್ತದೆ, ಅದೇ ಇದರ ಕಷ್ಟ. ಹದಿನೈದನೇ ತುಣುಕಿಗೆ ನನ್ನದು ಐದು ಪುಟವಾಗಿತ್ತು. ಐದು ಪುಟದ ಹಂದರವನ್ನು ಪ್ರತಿ ಸಲ ಪೂರ್ತಿ ಓದುವ ತಾಳ್ಮೆ ಯಾರಿಗಿದೆ? ಓದದಿದ್ದರೆ ಇದ್ದೂ ಇಲ್ಲದಂತೆ. ಒಂದೇ ಹಾಳೆಯ ಎರಡು ಮಗ್ಗುಲು, ಅದಕ್ಕಿಂತ ಹೆಚ್ಚಿಲ್ಲ ಎಂದು ನಿಯಮ ಮಾಡಿಕೊಂಡೆ. ತುಂಬಿದಾಗ ಒಂದೇ ಜಾತಿಯ ಅಂಶಗಳನ್ನು ಒಂದು ಸಾಲಿಗೆ ಸೇರಿಸುತ್ತಿದ್ದೆ. ಸೇರಿಸುವಾಗ ಪುಟಸಂಖ್ಯೆಗಳನ್ನೆಲ್ಲ ಉಳಿಸಿಕೊಳ್ಳುತ್ತಿದ್ದೆ. ಯಾವುದನ್ನೂ ಅಳಿಸುತ್ತಿರಲಿಲ್ಲ. ಆರು ಪುಟಕ್ಕೆ ಬೇಡ ಅನಿಸಿದ್ದನ್ನು ಇನ್ನೊಂದು ಹಾಳೆಗೆ, ಅಟ್ಟಕ್ಕೆ ಹಾಕುವ ಹಾಗೆ, ಏಕೆ ಬೇಡ ಎಂಬ ಎರಡು ಪದದ ಕಾರಣದೊಂದಿಗೆ ಸಾಗಿಸುತ್ತಿದ್ದೆ. ಮುಂದೆ ಓದುವಾಗ ಅಟ್ಟದಿಂದ ಇಳಿಸಿ ತಂದ ಅಂಶಗಳೂ ಇವೆ. ಮೂವತ್ತು ಶೇಕಡಕ್ಕಿಂತ ಕಡಿದಾದ ಇಳಿಜಾರಿನಲ್ಲಿ ವಾರ್ಷಿಕ ಬೆಳೆಗೆ ಉತ್ತೇಜನ ಬೇಡ, ಬಹುವಾರ್ಷಿಕ ಬೆಳೆಗೆ ಕೊಡಿ ಎಂಬ ಸಲಹೆಯನ್ನು ಮೊದಲು "ನಮಗೆ ಸಂಬಂಧವಿಲ್ಲ" ಎಂದು ಅಟ್ಟಕ್ಕೆ ಹಾಕಿದ್ದೆ. ಆಮೇಲೆ ಹೊಳೆಯಿತು, ಅಡಿಕೆ ಬಹುವಾರ್ಷಿಕ ಬೆಳೆಯೇ ಅಲ್ಲವೇ!

ಎರಡನೇ ಭಾಗವನ್ನು ಓದುವುದು ಬೇಗ ಆಯಿತು. ಕ್ಷೇತ್ರವಾರು ವಿವರಗಳು ಅಲ್ಲಿ ಹೆಚ್ಚು, ಹಂದರದ ಕಂಬಗಳು ಆಗಲೇ ಗಟ್ಟಿಯಾಗಿದ್ದವು.

ಕೊನೆಯ ಸಾರಾಂಶವನ್ನು ಟಿಪ್ಪಣಿಗಳನ್ನು ಹಿಂಡಿ ಬರೆಯಲಿಲ್ಲ. ಹಂದರವನ್ನು ಮುಂದಿಟ್ಟುಕೊಂಡು ಬರೆದೆ, ಅನುಮಾನ ಬಂದಲ್ಲಿ ಟಿಪ್ಪಣಿಗಲ್ಲ, ನೇರ ವರದಿಯ ಪುಟಕ್ಕೆ ಹೋದೆ. ಸಾರಾಂಶದ ಸಾರಾಂಶ ಮಾಡುವ ಪ್ರತಿ ಮೆಟ್ಟಿಲಲ್ಲೂ ತಪ್ಪು ಒಂದಿಷ್ಟು ದಪ್ಪವಾಗುತ್ತದೆ. ಮೂಲಕ್ಕೆ ಹೋದರೆ ಆ ಮೆಟ್ಟಿಲುಗಳೇ ಇರುವುದಿಲ್ಲ.

ಬರೆದ ಮೇಲೆ ಎರಡೂ ದಿಕ್ಕಿನಿಂದ ತಾಳೆ ನೋಡಬೇಕು. ಆರು ಪುಟದ ಪ್ರತಿ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಮೂಲದ ಪುಟಸಂಖ್ಯೆ ಬರೆದು, ಅಲ್ಲಿ ಅದೇ ಇದೆಯೇ ಎಂದು ನೋಡುವುದು ಒಂದು. ಪುಟಸಂಖ್ಯೆ ಸಿಗದ ವಾಕ್ಯಗಳು ನನ್ನವೇ ಅಭಿಪ್ರಾಯಗಳಾಗಿರುತ್ತಿದ್ದವು. ಅಂಥ ಮೂರು ಸಿಕ್ಕಿದವು, ಮೂರೂ ಬಹಳ ಚೆಂದದ ವಾಕ್ಯಗಳು. ಇನ್ನೊಂದು, ಹಂದರದ ಪ್ರತಿ ಸಾಲೂ ಆರು ಪುಟದಲ್ಲೋ ಅಟ್ಟದಲ್ಲೋ ಎಲ್ಲಾದರೂ ಒಂದು ಕಡೆ ಇದೆಯೇ ಎಂದು ಟಿಕ್ ಹಾಕುವುದು. ಆದರೆ ಹಂದರಕ್ಕೇ ಬಾರದೆ ತಪ್ಪಿಸಿಕೊಂಡದ್ದು ಇದರಲ್ಲೂ ಸಿಗುವುದಿಲ್ಲ. ಅದಕ್ಕೆ ಕಣ್ಣು ಮುಚ್ಚಿ ಹತ್ತು ಪುಟ ತೆಗೆದು ಓದಿ, ಅಲ್ಲಿನ ಮುಖ್ಯ ಮಾತು ಹಾಳೆಯಲ್ಲಿ ಇದೆಯೇ ನೋಡಿದೆ. ಎಂಟರದ್ದು ಇತ್ತು. ಸಿಗದ ಎರಡೂ ಒಂದೇ ತುಣುಕಿನವು. ಅಂದು ಟಿಪ್ಪಣಿ ಬಾಕಿ ಇಟ್ಟಿದ್ದೆನಲ್ಲ, ಆ ಸಂಜೆಯ ತುಣುಕು. ಅದನ್ನು ಪೂರ್ತಿ ಮತ್ತೆ ಓದಿದೆ.

ಸಭೆ ನಡೆದದ್ದು ಸೊಸೈಟಿಯ ಗೋದಾಮಿನಲ್ಲಿ, ಖಾಲಿ ಅಡಿಕೆ ಚೀಲಗಳ ಮೇಲೆ ಕೂತು. ಆ ಹಿರಿಯರು ಐದು, ಎಂಟು, ಹತ್ತು ವರ್ಷಗಳ ಸಾಲಿಗೆ ಬೆರಳಿಟ್ಟು ತಲೆಯಾಡಿಸಿ, ಗ್ರಾಮಸಭೆಯ ವಿಷಯಕ್ಕೆ ಬಂದು, "ಇದನ್ನ ಕೇಳಿದ್ರಾ ಯಾರಾದ್ರೂ ನಮ್ಮನ್ನ?" ಎಂದರು. ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ದಿನಸಿ ಅಂಗಡಿಯವರು ಮೆಲ್ಲಗೆ ಕೇಳಿದರು: "ಅಲ್ಲ ಮಾರಾಯ್ರೇ, ಪ್ಲಾಸ್ಟಿಕ್ ಚೀಲದ್ದೂ ಏನೋ ಇದೆಯಂತಲ್ಲ ಅದರಲ್ಲಿ?"

ಆರು ಪುಟದಲ್ಲಿ ಅದು ಇರಲಿಲ್ಲ. ಚೀಲದಿಂದ ಅಟ್ಟದ ಹಾಳೆ ತೆಗೆದೆ. ಕೆಳಗಿನಿಂದ ನಾಲ್ಕನೇ ಸಾಲು: "ಪ್ಲಾಸ್ಟಿಕ್ ಚೀಲ, ಅಂಗಡಿಗಳಲ್ಲಿ, ಹಂತಹಂತವಾಗಿ ಬಿಡಬೇಕು. ಕಾರಣ: ಬೆಳೆಗಾರರು ಕೇಳಲಾರರು." ಕಾರಣವನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಓದಿ ಹೇಳಿದೆ.